ಕೋಡ್‌ಗಿಂತ ಮೊದಲು ಒಂದು ಚಿಕ್ಕ ಉದಾಹರಣೆ

ಉದ್ಯೋಗ ಸಂದರ್ಶನದ ಲೈವ್ ಕೋಡಿಂಗ್ ಸುತ್ತಿನಲ್ಲಿ ಕೋಡ್ ಬರೆಯುವ ಮೊದಲೇ, ಪ್ರಶ್ನೆಯ ಅಸ್ಪಷ್ಟತೆಯನ್ನು ಹೊರಗೆಳೆಯುವ ಚಿಕ್ಕ ಇನ್‌ಪುಟ್ ಮತ್ತು ಅದರ ನಿರೀಕ್ಷಿತ ಉತ್ತರವನ್ನು ಕಾಮೆಂಟ್ ಆಗಿ ಬರೆದು, ಗಟ್ಟಿಯಾಗಿ ಓದಿ, ಸಂದರ್ಶಕರ ಒಪ್ಪಿಗೆ ಪಡೆಯಿರಿ. ಮೊತ್ತ 6 ಆಗುವ ಎರಡು ಸಂಖ್ಯೆಗಳ ಸ್ಥಾನಗಳನ್ನು ಹುಡುಕಬೇಕಿದ್ದರೆ, `[3, 3]` ಕೊಟ್ಟಾಗ `0, 1` ಬರಬೇಕು, `[3, 1]` ಕೊಟ್ಟಾಗ ಉತ್ತರವಿಲ್ಲ ಎಂದು ಹೇಳಿದೊಡನೆ, ಒಂದೇ ಅಂಶವನ್ನು ಎರಡು ಬಾರಿ ಬಳಸಬಹುದೇ ಎಂಬ ಪ್ರಶ್ನೆ ಅಲ್ಲೇ ಇತ್ಯರ್ಥವಾಗುತ್ತದೆ. ಬಳಿಕ ‘ಪ್ರತಿ ಸಂಖ್ಯೆಯ ಜೋಡಿಯನ್ನು ಮೊದಲು ಮ್ಯಾಪ್‌ನಲ್ಲಿ ಹುಡುಕುತ್ತೇನೆ, ಸಿಗದಿದ್ದರೆ ಮಾತ್ರ ಈ ಸಂಖ್ಯೆಯನ್ನು ಸೇರಿಸುತ್ತೇನೆ’ ಎಂದು ವಿಧಾನವನ್ನು ತಿಳಿಸಿ (ಟೈಪ್ ಮಾಡುವ ಪ್ರತಿ ಅಕ್ಷರವನ್ನೂ ಹೇಳಬೇಕಿಲ್ಲ), ಕೋಡ್ ಮುಗಿದ ಮೇಲೆ ಅದೇ ಎರಡು ಉದಾಹರಣೆಗಳನ್ನು ಸಾಲುಸಾಲಾಗಿ ನಡೆಸಿ ತೋರಿಸಿ. ಹುಡುಕುವ ಮೊದಲೇ ಸೇರಿಸಿಬಿಟ್ಟಿದ್ದರೆ `[3, 1]` ಪಟ್ಟಿಯಲ್ಲಿ 3 ತನಗೆ ತಾನೇ ಜೋಡಿಯಾಗಿ ತಪ್ಪು ಸಿಕ್ಕಿಬೀಳುತ್ತದೆ. ಆದರೆ ಚಿಕ್ಕ ಉದಾಹರಣೆಯಲ್ಲಿ ಕೋಡ್‌ನ ನಿಧಾನಗತಿ ಕಾಣಿಸುವುದಿಲ್ಲವಾದ್ದರಿಂದ, ಪಟ್ಟಿಯ ಗರಿಷ್ಠ ಉದ್ದವನ್ನು ಬೇರೆಯಾಗಿಯೇ ಕೇಳಬೇಕು.