ಮೂರು ಕ್ರೇಟ್ ತುಂಬಿಕೊಂಡೇ ಮರಳುವ ಕೆಂಚ

ಕೆಂಪು ರಕ್ತಕಣವೊಂದು ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಳ್ಳುವ ಕಥೆಯನ್ನು ಏಳನೆಯ ತರಗತಿಯ ಮಕ್ಕಳಿಗಾಗಿ ನಾನು ನಾಲ್ಕು ಸಲ ಬರೆದೆ. ಮೂರನೆಯದನ್ನು ಓದಿದ ಸಹೋದ್ಯೋಗಿಯೊಬ್ಬರು, "ಚಿತ್ರ ಬರೆದು ಬಾಣ ಹಾಕಿದರೆ ಸಾಲದೇ, ಮೇಷ್ಟ್ರೇ?" ಎಂದು ನಕ್ಕಿದ್ದರು.

ಮೊದಲ ಕಥೆಯಲ್ಲಿ ಕೆಂಚನೆಂಬ ಕಣವು ಕೋಲಾರದ ಟೊಮೆಟೊ ಮಂಡಿಯಿಂದ ತೋಟಕ್ಕೆ ಮರಳುವ ಟೆಂಪೊದಂತೆ, ಖಾಲಿ ಕ್ರೇಟ್‌ಗಳೊಡನೆ, ನೀಲಿ ಬಣ್ಣಕ್ಕೆ ತಿರುಗಿ ಬರುತ್ತಿತ್ತು. ಕೈಯಿಂದ ಸುಮಾರು ಮೂರು ಸಾವಿರ ರೂಪಾಯಿ ಹಾಕಿ ನೂರೈವತ್ತು ಬಣ್ಣದ ಪ್ರತಿಗಳನ್ನು ಮಾಡಿಸಿದೆ. ಮೊದಲ ದಿನವೇ ಹುಡುಗಿಯೊಬ್ಬಳು, "ಸಾರ್, ಆಸ್ಪತ್ರೆಯಲ್ಲಿ ನನ್ನ ಕೈಯಿಂದ ತೆಗೆದ ರಕ್ತ ಕಪ್ಪುಗೆಂಪಾಗಿತ್ತು, ನೀಲಿ ಇರಲಿಲ್ಲ" ಎಂದಳು. ಸೂಜಿ ಹೊಕ್ಕದ್ದು ಮರಳುವ ರಕ್ತವನ್ನು ಒಯ್ಯುವ ಅಭಿಧಮನಿಗೇ ಆದ್ದರಿಂದ ಅವಳ ಮಾತಿಗೆ ಎದುರಾಡುವಂತಿರಲಿಲ್ಲ. ಪ್ರತಿಗಳೆಲ್ಲ ರದ್ದಿಗೆ ಹೋದವು.

ಬಣ್ಣಕ್ಕಿಂತ ದೊಡ್ಡ ತಪ್ಪು ಆ ಖಾಲಿ ಕ್ರೇಟ್‌ಗಳಲ್ಲಿತ್ತು. ಕಣದೊಳಗಿನ ಒಂದು ಹಿಮೋಗ್ಲೋಬಿನ್ ಅಣು ನಾಲ್ಕು ಆಮ್ಲಜನಕ ಅಣುಗಳನ್ನು ಹೊರುತ್ತದೆ. ವಿಶ್ರಾಂತಿಯಲ್ಲಿರುವ ದೇಹವನ್ನು ಸುತ್ತಿ ಬಂದ ರಕ್ತದಲ್ಲಿ ಸರಾಸರಿ ನೂರಕ್ಕೆ ಎಪ್ಪತ್ತೈದರಷ್ಟು ತುಂಬಿಯೇ ಇರುತ್ತದೆ. ಆದ್ದರಿಂದ ನಾಲ್ಕನೆಯ ಸಲ ಕೆಂಚನು ಮೂರು ತುಂಬಿದ ಕ್ರೇಟ್‌ಗಳೊಡನೆ ಬಂದು ಒಂದನ್ನಷ್ಟೇ ತುಂಬಿಕೊಂಡನು. "ಉಳಿದ ಮೂರು ಯಾರಿಗೆ ಸಾರ್?" ಎಂದು ತರಗತಿಯೇ ಕೇಳಿದಾಗ, ಓಟದ ಪಂದ್ಯದಲ್ಲಿ ಓಡುವ ಕಾಲಿನ ಸ್ನಾಯು ಅವುಗಳಿಂದಲೂ ಇಳಿಸಿಕೊಳ್ಳುತ್ತದೆ ಎಂಬ ಭಾಗ ತಾನಾಗಿಯೇ ಹುಟ್ಟಿತು.

ಶ್ವಾಸಕೋಶದ ಲೋಮನಾಳವನ್ನು ಕೆಂಚನು ದಾಟುವುದಕ್ಕೆ ಸಿಗುವುದು ಸುಮಾರು ಮುಕ್ಕಾಲು ಸೆಕೆಂಡು, ತುಂಬಿಕೊಳ್ಳುವ ಕೆಲಸ ಮುಗಿಯುವುದು ಅದರ ಮೂರನೆಯ ಒಂದು ಪಾಲಿನಲ್ಲಿ. ಇದನ್ನು ಎರಡು ಪುಟ ವರ್ಣಿಸಿ ಸೋತಿದ್ದ ನಾನು ಈಗ ಎರಡು ಚಪ್ಪಾಳೆಗಳ ನಡುವೆ ಒಂದೇ ವಾಕ್ಯವನ್ನು ಓದುತ್ತೇನೆ. ಆ ವಾಕ್ಯವನ್ನು ಅಷ್ಟರೊಳಗೆ ಹಿಡಿಸುವ ಬಗೆಯನ್ನು ಮಾತ್ರ ಇಲ್ಲಿ ಬಿಟ್ಟುಕೊಡಲಾರೆ.

ನಡುವೆ ಒಂದು ಬಲೂನಿನ ಪ್ರಯೋಗವೂ ನಡೆಯಿತು. ಕಣದ ಅಗಲ ಏಳೆಂಟು ಮೈಕ್ರೊಮೀಟರ್, ಲೋಮನಾಳ ಕೆಲವೆಡೆ ಅದಕ್ಕಿಂತಲೂ ಕಿರಿದು. ಅದು ಹೇಗೆ ನುಸುಳುತ್ತದೆ ಎಂದು ತೋರಿಸಲು ಬಲೂನಿಗೆ ಬಿಗಿಯಾಗಿ ನೀರು ತುಂಬಿ ಪಿವಿಸಿ ಪೈಪಿನೊಳಗೆ ತಳ್ಳಿದೆ. ಅದು ಒಡೆದು ಹಾಜರಿ ಪುಸ್ತಕ ನೆನೆಯಿತು. ಸಡಿಲವಾಗಿ ಅರ್ಧ ತುಂಬಿದ ಬಲೂನು ಮಡಚಿಕೊಂಡು ಸಲೀಸಾಗಿ ಜಾರಿತು. ಕಣದ ನಡು ತಗ್ಗಾಗಿ, ಒಳಗಿನ ದ್ರವಕ್ಕೆ ಬೇಕಾದದ್ದಕ್ಕಿಂತ ಪೊರೆ ಹೆಚ್ಚಾಗಿರುವುದರ ಗುಟ್ಟು ಇದೇ ಆದ್ದರಿಂದ, ಕೆಂಚನ ಹೊಟ್ಟೆಯನ್ನು ಕಥೆಯಲ್ಲಿಯೂ ತಗ್ಗಾಗಿಸಿದೆ.

ಕೊನೆಯ ಪ್ರತಿಗಳು ಕಪ್ಪು-ಬಿಳುಪಿನಲ್ಲಿ ನಾಲ್ಕುನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿದವು. ಕಪ್ಪುಗೆಂಪು ಮತ್ತು ಕಡುಗೆಂಪನ್ನು ಮಕ್ಕಳೇ ತುಂಬಿದರು. ಬಾಣ ಸಾಕೆಂದಿದ್ದ ಸಹೋದ್ಯೋಗಿ ಹೋದ ವಾರ ಮೂವತ್ತು ಪ್ರತಿ ಕೇಳಿ ಪಡೆದಿದ್ದಾರೆ.