ಚಟಾಕಿ ರೊಟ್ಟಿ: ಪ್ಯಾಕೆಟ್ಟಿನ ಹೆಸರಿಗೆ ಅಕ್ಷರ ಆರಿಸಿದ ಬಗೆ

ಕಲಬುರಗಿಯ ಒಂದು ಮಹಿಳಾ ಸ್ವಸಹಾಯ ಸಂಘಕ್ಕೆ ಎರಡು ಹೆಸರು ಬೇಕಿದ್ದವು. ಒಂದು, ತಿಂಗಳುಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿಯ ಪ್ಯಾಕೆಟ್ಟಿಗೆ. ಇನ್ನೊಂದು, ಅಂದಂದೇ ಬಡಿದು ಖಾನಾವಳಿಗಳಿಗೆ ಕಳಿಸುವ ಮೆತ್ತನ ರೊಟ್ಟಿಗೆ. ಹಿಟ್ಟು ಒಂದೇ, ಹೆಂಚೂ ಒಂದೇ. ಆದರೆ ಒಂದು ಮುರಿದರೆ ಸದ್ದಾಗಬೇಕು, ಇನ್ನೊಂದು ಮಡಚಿದರೂ ಬಿರಿಯಬಾರದು. ಈ ವ್ಯತ್ಯಾಸ ಹೆಸರು ಕಿವಿಗೆ ಬಿದ್ದ ಕೂಡಲೇ ಗೊತ್ತಾಗಬೇಕು ಎಂಬುದೇ ಕೆಲಸ.

ಇದಕ್ಕೆ ಮೊದಲು ತೆರೆಯಬೇಕಾದದ್ದು ವರ್ಣಮಾಲೆ. ಕ ಚ ಟ ತ ಪ ಎನ್ನುವಾಗ ಉಸಿರು ಪೂರ್ತಿ ನಿಂತು ಥಟ್ಟನೆ ಸಿಡಿಯುತ್ತದೆ, ಗಂಟಲು ನಡುಗುವುದಿಲ್ಲ. ಕಿವಿಗೆ ಅದು ಗಟ್ಟಿ ವಸ್ತು ಮುರಿದ ಹಾಗೆ. ಗ ಜ ಡ ದ ಬ ಎನ್ನುವಾಗಲೂ ಉಸಿರು ನಿಲ್ಲುತ್ತದೆ, ಆದರೆ ಗಂಟಲು ನಡುಗುವುದರಿಂದ ಸದ್ದಿಗೆ ತೂಕ ಬರುತ್ತದೆ. ಮ ನ ಣ ಎನ್ನುವಾಗ ಗಾಳಿ ಮೂಗಿನಿಂದ ಹರಿಯುತ್ತಲೇ ಇರುತ್ತದೆ, ಲ ವ ಯ ಎನ್ನುವಾಗ ಬಾಯಿಂದ. ಎಲ್ಲೂ ಕಡಿತವಿಲ್ಲ, ಅದಕ್ಕೇ ಮೆತ್ತಗೆ ಕೇಳುತ್ತವೆ. ಸ ಶ ಗಾಳಿಯನ್ನು ಉಜ್ಜಿ ಓಡಿಸುತ್ತವೆ, ರ ನಾಲಿಗೆಯನ್ನು ಅದುರಿಸುತ್ತದೆ. 'ಸರಸರ', 'ಚರಚರ' ಎಂಬ ಮಾತುಗಳ ವೇಗ ಅಲ್ಲಿಂದ ಬಂದದ್ದು. ಕೊರಿಯರ್‌ಗೋ ಆಟೋ ಸೇವೆಗೋ ಹೆಸರಿಡುವವರು ಸ, ರ ಮತ್ತು ಹ್ರಸ್ವ ಸ್ವರಗಳ ಸುತ್ತ ಹುಡುಕಿದರೆ ಸಾಕು. ರೊಟ್ಟಿಗೆ ಅದು ಬೇಕಿಲ್ಲ.

ಸ್ವರಗಳ ಕತೆ ಬೇರೆ. 'ಇ' ಎನ್ನುವಾಗ ನಾಲಿಗೆ ಮೇಲೆ, ಮುಂದೆ ಹೋಗಿ ಬಾಯೊಳಗಿನ ಜಾಗ ಕಿರಿದಾಗುತ್ತದೆ, ದನಿ ತೆಳ್ಳಗಾಗುತ್ತದೆ. 'ಆ' ಎನ್ನುವಾಗ ಬಾಯಿ ಅಗಲವಾಗುತ್ತದೆ. 'ಒ', 'ಉ' ಎನ್ನುವಾಗ ತುಟಿ ದುಂಡಾಗಿ ದನಿ ಆಳಕ್ಕಿಳಿಯುತ್ತದೆ. ಸಪೀರ್ ಎಂಬ ಭಾಷಾವಿಜ್ಞಾನಿ 1929ರಲ್ಲಿ 'ಮಿಲ್', 'ಮಾಲ್' ಎಂಬ ಅರ್ಥವಿಲ್ಲದ ಎರಡು ಪದ ಕೊಟ್ಟು, ಇವುಗಳಲ್ಲಿ ದೊಡ್ಡ ಮೇಜು ಯಾವುದು, ಸಣ್ಣದು ಯಾವುದು ಎಂದು ಕೇಳಿದಾಗ ಹೆಚ್ಚಿನವರು ದೊಡ್ಡದಕ್ಕೆ 'ಮಾಲ್' ಎಂದರು. 2004ರಲ್ಲಿ ಯಾರ್ಕ್‌ಸ್ಟನ್ ಮತ್ತು ಮೆನನ್ ಅದೇ ಉಪಾಯವನ್ನು ಐಸ್‌ಕ್ರೀಮಿನ ಹೆಸರಿಗೆ ತಂದರು. 'ಫ್ರಿಶ್'ಗಿಂತ 'ಫ್ರಾಶ್' ಹೆಚ್ಚು ಕೆನೆಕೆನೆಯಾಗಿರುತ್ತದೆ ಎಂದು ಜನಕ್ಕೆ ಅನಿಸಿತು.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ, ಅನುಕರಣಾವ್ಯಯಗಳು ಮನೆಯಲ್ಲೇ ಇವೆ. ಸಣ್ಣ ಗಂಟೆ 'ಟಿಣಿಟಿಣಿ', ಗುಡಿಯ ದೊಡ್ಡ ಗಂಟೆ 'ಢಣಢಣ'. ಗ, ರ ಎರಡನ್ನೂ ಹಾಗೇ ಇಟ್ಟುಕೊಂಡು ಸ್ವರ ಮಾತ್ರ ಬದಲಿಸಿ ನೋಡಿ: ಹಪ್ಪಳ 'ಗರಿಗರಿ', ತಿರುಗುವ ಚಕ್ರ 'ಗರಗರ', ಸಿಟ್ಟಾದ ನಾಯಿ 'ಗುರುಗುರು'. ಹೆಸರು ಹುಡುಕಲು ಕೂತಾಗ ಇಂಥ ನಲವತ್ತು ಐವತ್ತು ಜೋಡಿಪದಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ಅದೇ ಹಾಳೆಯ ಮೂಲೆಯಲ್ಲಿ ಎರಡು ಎಚ್ಚರಿಕೆಯ ಪದಗಳೂ ಇರಲಿ: ಪುಟ್ಟದು ಎನ್ನುವಲ್ಲಿ 'ಉ' ಇದೆ, ಹಿರಿದು ಎನ್ನುವಲ್ಲಿ 'ಇ' ಇದೆ. ಧ್ವನಿ ಒಂದು ಕಡೆ ವಾಲಿಸುತ್ತದೆ ಅಷ್ಟೆ, ಪದಕ್ಕೆ ಗೊತ್ತಿರುವ ಅರ್ಥವೊಂದಿದ್ದರೆ ಗೆಲ್ಲುವುದು ಅರ್ಥವೇ.

ಖಡಕ್ ರೊಟ್ಟಿಯ ವಿಷಯದಲ್ಲಿ ಇದು ಬೇಗ ಅನುಭವಕ್ಕೆ ಬಂತು. 'ಖಡಕ್' ಎಂಬ ಪದವೇ ಮುರಿದ ಸದ್ದಿನಂತಿದೆ, ಆದರೆ ಅದು ಸರಕಿನ ವರ್ಣನೆ. ಎಲ್ಲರ ಪ್ಯಾಕೆಟ್ ಮೇಲೂ ಇರುವ ಪದವನ್ನು ಒಬ್ಬರ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸುವುದು ಕಷ್ಟ. ಹಾಗಾಗಿ ಕ, ಟ, ಚ, ತ ಮಾತ್ರ ಬಳಸಿ ಮೂರು ಅಕ್ಷರದ ಹೆಸರುಗಳನ್ನು ಕಟ್ಟಲು ಕೂತೆವು. 'ಕಟಕಿ' ಬಂತು. ಸದ್ದು ಸರಿಯಾಗಿತ್ತು, ಅರ್ಥ ಕೊಂಕುಮಾತು. ಅದರ ಪಕ್ಕದಲ್ಲೇ 'ಕಟುಕ' ಬೇರೆ ಕಾಯುತ್ತಿದ್ದ. ತಾಟಿನಷ್ಟು ಅಗಲದ ರೊಟ್ಟಿ ಎಂಬ ಹೊಳಹಿನಿಂದ 'ತಾಟಿಕಿ' ಎಂದು ಬರೆದಾಗ ರೊಟ್ಟಿ ಬಡಿಯುತ್ತಿದ್ದ ಹಿರಿಯರೊಬ್ಬರು ಕೈ ನಿಲ್ಲಿಸದೆಯೇ ಕೇಳಿದರು: "ಇದೇನ್ರೀ ಅಕ್ಕೋರೆ, ತಾಟಕಿ ರೊಟ್ಟಿ ಏನ್ರಿ?" ರಾಕ್ಷಸಿಯ ಹೆಸರಿನ ಊಟ ಯಾರಿಗೆ ಬೇಕು!

'ಚಿಟಿಕಿ' ಸ್ವಲ್ಪ ದಿನ ಬಾಳಿತು. ಬೆರಳು ಚಿಟಿಕೆ ಹೊಡೆದ ಸದ್ದು, ಹಗುರು, ಚುರುಕು. ಆದರೆ ಮೂರೂ ಕಡೆ 'ಇ' ಕೂತಿರುವುದರಿಂದ ವಸ್ತು ತೀರ ಸಣ್ಣದು ಅನಿಸುತ್ತದೆ. ಜೊತೆಗೆ ಚಿಟಿಕೆ ಉಪ್ಪು ಎಂಬ ಅಳತೆಯೂ ನೆನಪಾಗುತ್ತದೆ. ಹತ್ತು ರೊಟ್ಟಿಯ ಪ್ಯಾಕೆಟ್ ಕೊಳ್ಳುವವರಿಗೆ ಕೊಟ್ಟ ದುಡ್ಡಿಗೆ ಕಮ್ಮಿ ಬಂತೇನೋ ಎಂಬ ಭಾವನೆ ಹುಟ್ಟಬಾರದು. ವ್ಯಂಜನಗಳನ್ನು ಹಾಗೇ ಬಿಟ್ಟು ಮೊದಲ ಎರಡು ಸ್ವರಗಳನ್ನು ಅಗಲಿಸಿದರೆ ಸಾಕಿತ್ತು: 'ಚಟಾಕಿ'. ಚ, ಟ, ಕ ಮೂರೂ ಸಿಡಿಯುವ ಅಕ್ಷರಗಳು. ನಡುವೆ 'ಆ' ರೊಟ್ಟಿಯಷ್ಟು ಅಗಲ, ಕೊನೆಯ 'ಇ' ತೆಳು ಅಂಚು. ಅರ್ಥವೋ, ಹಾಸ್ಯ ಚಟಾಕಿ.

ಕಾಗದದ ಮೇಲೆ ಚೆಂದ ಕಂಡದ್ದು ಬಾಯಲ್ಲಿ ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ನಮ್ಮ ಭಾಗದಲ್ಲಿ ಇದನ್ನು ನೋಡದೆ ಹೆಸರು ಅಚ್ಚು ಹಾಕಿಸಿದರೆ ಕೆಟ್ಟಿತು. ಮನೆ ಇಲ್ಲಿ 'ಮನಿ', ಕೆರೆ 'ಕೆರಿ'. ಕೊನೆಯ 'ಎ' ಬಾಯಲ್ಲಿ 'ಇ' ಆಗುತ್ತದೆ. ಮೆತ್ತನ ರೊಟ್ಟಿಗೆ ಮೊದಲು ಆರಿಸಿದ್ದ 'ಒಲುಮೆ' ಬಿದ್ದುಹೋದದ್ದು ಇದರಿಂದಲೇ. ಬರೆಯುವಾಗ ದುಂಡಗಿದ್ದ ಹೆಸರು ಕೇಳುವಾಗ 'ಒಲಮಿ' ಆಗಿ ತುದಿ ಚೂಪಾಯಿತು. ಬದಲಿಗೆ ಬಂದ 'ಒಲವು' ಹೆಸರಿನಲ್ಲಿ ಆರಂಭಕ್ಕೂ ಕೊನೆಗೂ ತುಟಿ ದುಂಡಾಗುತ್ತದೆ, ನಡುವೆ ಉಸಿರು ಎಲ್ಲೂ ನಿಲ್ಲುವುದಿಲ್ಲ. ಅವಸರದಲ್ಲಿ 'ಒಲವ್' ಎಂದರೂ ಮೆತ್ತಗೇ ಇರುತ್ತದೆ. (ಮೂಗಿನ ಅಕ್ಷರಗಳೆಲ್ಲ ಮೃದು ಎಂದು ಕಣ್ಣುಮುಚ್ಚಿ ಜೋಡಿಸಿದರೆ 'ನೊಣ' ಸಿಗುತ್ತದೆ. ತಿನ್ನುವ ವಸ್ತುವಿಗೆ ಅದಕ್ಕಿಂತ ಕೆಟ್ಟ ಹೆಸರಿಲ್ಲ.)

ಮಹಾಪ್ರಾಣದ ಮೋಹವೂ ಹೀಗೆಯೇ. ಸಿಮೆಂಟು, ಕಬ್ಬಿಣ, ಶಹಾಬಾದ ಕಲ್ಲು ಮಾರುವವರಿಗೆ ಬೋರ್ಡಿನ ಮೇಲೆ ಘ, ಧ, ಭ ಬೇಕೇ ಬೇಕು, ಬಲ ಅಲ್ಲಿದೆ ಎಂಬ ನಂಬಿಕೆ. ಗಿರಾಕಿಯ ಬಾಯಲ್ಲಿ ಅವು ಬಹಳ ಸಲ ಗ, ದ, ಬ ಆಗಿರುತ್ತವೆ. ಆ ಅಕ್ಷರಗಳಿಗೇ ಸಾಕಷ್ಟು ತೂಕವಿದೆ, ಗುಡುಗು ಎನ್ನಲು ಮಹಾಪ್ರಾಣ ಬೇಕಾಗಿಲ್ಲ. ಹೆಸರಿನಲ್ಲಿ 'ಳ' ಇದ್ದರೆ ಉರ್ದು ಮಾತಾಡುವ ಗಿರಾಕಿಯ ಬಾಯಲ್ಲಿ ಅದು 'ಲ' ಆಗಬಹುದು, ಆ ಭಾಷೆಯಲ್ಲಿ 'ಳ' ಇಲ್ಲ. ಇನ್ನೊಂದು ಕಡೆ ಆದೇಶ ಸಂಧಿ. ಮಳೆಗೆ ಕಾಲ ಸೇರಿದರೆ 'ಮಳೆಗಾಲ' ಆಗುವ ಹಾಗೆ, ಎರಡು ಕನ್ನಡ ಪದ ಜೋಡಿಸಿ ಹೆಸರು ಮಾಡಿದಾಗ ಎರಡನೆಯದರ ಕ, ತ, ಪ ಜಾರಿ ಗ, ದ, ಬ ಆಗಲು ನೋಡುತ್ತವೆ. ಗರಿಗರಿ ಸದ್ದು ಬೇಕಾದ ಅಕ್ಷರವನ್ನು ಹೆಸರಿನ ಮೊದಲಿಗಿಡಿ, ಇಲ್ಲವೇ ಒತ್ತಕ್ಷರ ಮಾಡಿ. 'ರೊಟ್ಟಿ'ಯ ಟ್ಟ ಯಾರ ಬಾಯಲ್ಲೂ ಕರಗುವುದಿಲ್ಲ.

ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಇಪ್ಪತ್ನಾಲ್ಕು ಜನ ಸಾಕು, ಆದರೆ ಒಬ್ಬೊಬ್ಬರನ್ನೇ ಕೇಳಬೇಕು. ಸಂಘದ ಸಭೆಯಲ್ಲಿ ಕೈ ಎತ್ತಿಸಿದರೆ ಮೊದಲು ಮಾತಾಡಿದವರ ಉತ್ತರವೇ ಎಲ್ಲರದೂ ಆಗುತ್ತದೆ. ಎರಡೂ ಹೆಸರನ್ನು ಒಬ್ಬರ ದನಿಯಲ್ಲಿ, ಒಂದೇ ಏರಿಳಿತದಲ್ಲಿ ಫೋನಿನಲ್ಲಿ ಮುದ್ರಿಸಿಕೊಂಡು ಕೇಳಿಸಿ, ಬರೆದು ತೋರಿಸಬೇಡಿ. ಬರೆದು ತೋರಿಸಿದರೆ ಅಕ್ಷರದ ಆಕಾರವೂ ಉತ್ತರದಲ್ಲಿ ಸೇರಿಕೊಳ್ಳುತ್ತದೆ: ಕನ್ನಡ ಲಿಪಿ ದುಂಡು, ದೇವನಾಗರಿಗೆ ಗೆರೆ ಜಾಸ್ತಿ. 'ಯಾವುದು ಚಲೋ?' ಎಂದು ಕೇಳಬಾರದು, ಆಗ ಪರಿಚಿತವಾದದ್ದೇ ಗೆಲ್ಲುತ್ತದೆ. 'ಎರಡು ರೊಟ್ಟಿ ಇವೆ, ಮುರಿದರೆ ಜೋರಾಗಿ ಸದ್ದು ಮಾಡುವುದು ಯಾವುದು?' ಎಂದು ಗುಣವನ್ನೇ ಕೇಳಿ. ಹನ್ನೆರಡು ಜನರಿಗೆ ಒಂದು ಹೆಸರು ಮೊದಲು, ಉಳಿದ ಹನ್ನೆರಡು ಜನರಿಗೆ ಇನ್ನೊಂದು ಮೊದಲು. ಇಪ್ಪತ್ನಾಲ್ಕರಲ್ಲಿ ಹದಿನೆಂಟು ಅಥವಾ ಹೆಚ್ಚು ಜನ ಒಂದೇ ಕಡೆ ನಿಂತರೆ ಅದು ಬರೀ ಆಕಸ್ಮಿಕ ಇರಲಾರದು. ಹದಿನಾಲ್ಕು, ಹದಿನೈದು ಬಂದರೆ ನಾಣ್ಯ ಚಿಮ್ಮಿದರೂ ಬರುವಂಥದ್ದು, ಅದನ್ನು ನಂಬಿ ಪ್ಯಾಕೆಟ್ ಅಚ್ಚು ಹಾಕಿಸಬಾರದು.

ಉತ್ತರ ಬರೆದುಕೊಂಡ ಮೇಲೆ ಕೇಳಿದ ಹೆಸರನ್ನು ತಿರುಗಿ ಹೇಳಲು ಹೇಳಿ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಹೆಚ್ಚು ಬೆಲೆಬಾಳುವ ಭಾಗ ಇದೇ. ಇಲ್ಲಿ 'ಚಟಾಕಿ' ಕೆಲವರ ಬಾಯಲ್ಲಿ 'ಪಟಾಕಿ' ಆಗಿ ವಾಪಸ್ ಬಂತು. ರೊಟ್ಟಿಗೆ ಪಟಾಕಿಯ ಸದ್ದು ಅಂಟಿದರೆ ನಷ್ಟವಿಲ್ಲ, ಆದರೆ ಫೋನಿನಲ್ಲಿ ಆರ್ಡರ್ ತಗೊಳ್ಳುವಾಗ ಗೊಂದಲ ಆಗುತ್ತದೆ, ಅದಕ್ಕೆ 'ರೊಟ್ಟಿ' ಪದವನ್ನು ಹೆಸರಿನ ಜೊತೆಗೇ ಅಚ್ಚು ಹಾಕಿಸಬೇಕಾಯಿತು. ಬೀದರಿನ ಮಾರುಕಟ್ಟೆಯಲ್ಲಿ ಇನ್ನೂ ಎರಡು ತೊಡಕಿವೆ. ಹಳೆಯ ತೂಕ ಗೊತ್ತಿರುವವರಿಗೆ ಛಟಾಕು ಎಂದರೆ ಸೇರಿನ ಹದಿನಾರನೇ ಒಂದು ಪಾಲು, ಮತ್ತೆ ಅದೇ ಸಣ್ಣತನ. ಮರಾಠಿಯಲ್ಲಿ ಚ ಅಕ್ಷರಕ್ಕೆ 'ತ್ಸ' ಧ್ವನಿಯೂ ಇದೆ, ಹಾಗೆ ಓದಿದರೆ ಸಿಡಿತ ಸ್ವಲ್ಪ ಸವೆಯುತ್ತದೆ. ಬೀದರಿಗೆ ಕಳಿಸುವ ಪ್ಯಾಕೆಟ್ಟುಗಳ ಮೇಲೆ ಹೆಸರನ್ನು ಕನ್ನಡದಲ್ಲಷ್ಟೇ ದೊಡ್ಡದಾಗಿಟ್ಟು, ದೇವನಾಗರಿಯಲ್ಲಿ ರೊಟ್ಟಿ ಎಂದು ಮಾತ್ರ ಬರೆಸಿದೆವು.

ಟ್ರೇಡ್‌ಮಾರ್ಕ್ ಹುಡುಕಾಟವನ್ನು ಕಾಗುಣಿತಕ್ಕೆ ನಿಲ್ಲಿಸಬೇಡಿ. ಸರಕಾರಿ ಜಾಲತಾಣದಲ್ಲಿ ಉಚ್ಚಾರಣೆಯ ಹೋಲಿಕೆಯಿಂದ ಹುಡುಕುವ ಸೌಲಭ್ಯವೂ ಇದೆ. ರೊಟ್ಟಿ, ಹಿಟ್ಟು ಬರುವುದು 30ನೇ ವರ್ಗದಲ್ಲಿ. ಅಲ್ಲಿ ಚಟಾಕಿಯ ಜೊತೆ ಪಟಾಕಿ, ಚಟಕಿ, ಛಟಾಕ್ ಎಂದೂ ಹಾಕಿ ನೋಡಿ, ಯಾಕೆಂದರೆ ಜನ ಹೆಸರನ್ನು ಮರಳಿ ಹೇಳಿದ್ದು ಹಾಗೆಯೇ.