ಕಡಿತವಾದ ₹6,500 ಎಲ್ಲಿ ನಿಂತಿತ್ತು?

ಅಂದು ಬದಿಯಡ್ಕದ ನಮ್ಮ ಶಾಖೆಯ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. ಪೆರ್ಲದ ಕಡೆಯ ಅಡಿಕೆ ಕೃಷಿಕರು. ತೋಟದ ಹುಲ್ಲು ಹೆರೆದವನಿಗೆ ಹಿಂದಿನ ಸಂಜೆ ಮೊಬೈಲ್‌ನಿಂದ ಯುಪಿಐ ಮೂಲಕ ಕೂಲಿ ಕಳುಹಿಸಿದ್ದರು. ‘ನನ್ನ ಖಾತೆಯಿಂದ ಹೋಗಿದೆ, ಅವನಿಗೆ ಸಿಕ್ಕಿಲ್ಲ. ನಿಮ್ಮ ಬ್ಯಾಂಕ್ ನುಂಗಿತೋ ಮಾರಾಯರೆ?’

ಶಾಖೆಗೆ ಬರುವ ಮೊದಲು ಮೂರು ವರ್ಷ ನಾನು ಬ್ಯಾಂಕಿನ ಲೆಕ್ಕ ಹೊಂದಾಣಿಕೆ ವಿಭಾಗದಲ್ಲಿದ್ದೆ. ಹಾಗಾಗಿ ಮೊದಲು ಕೇಳಿದ್ದು ಪಾವತಿಯ 12 ಅಂಕಿಗಳ ಸಂಖ್ಯೆಯನ್ನು. ಅದು 4278 ಎಂದು ಆರಂಭವಾಗುತ್ತಿತ್ತು: 2024ರ 278ನೇ ದಿನ, ಅಂದರೆ ಅಕ್ಟೋಬರ್ 4. ಸರಿ, ನಿನ್ನೆಯದೇ.

ಆ ಸಂಖ್ಯೆ ಹಾಕಿ ನೋಡಿದಾಗ ನಮ್ಮ ಕಡೆಯ ಕೆಲಸ ಮುಗಿದಿತ್ತು. ನಾವು ಹಣ ಕಡಿತ ಮಾಡಿ, ಬ್ಯಾಂಕುಗಳ ನಡುವೆ ಯುಪಿಐ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ‘ಆಯಿತು’ ಎಂದಿದ್ದೆವು. ಎನ್‌ಪಿಸಿಐ ಕೂಲಿಯವನ ಬ್ಯಾಂಕಿಗೆ ‘ಜಮಾ ಮಾಡಿ’ ಎಂದಿತ್ತು. ಆ ಬ್ಯಾಂಕ್ ಮಾತ್ರ ಉತ್ತರ ಕೊಟ್ಟಿರಲಿಲ್ಲ.

ಎಲ್ಲ ಗೊಂದಲದ ಬೇರು ಇಲ್ಲಿದೆ. ‘ಖಾತೆ ಮುಚ್ಚಿದೆ, ಜಮಾ ಆಗದು’ ಎಂದು ಆ ಬ್ಯಾಂಕ್ ಸ್ಪಷ್ಟವಾಗಿ ಹೇಳಿದ್ದರೆ, ಎನ್‌ಪಿಸಿಐ ನಮಗೆ ತಿಳಿಸಿ ಹಣ ಸಾಮಾನ್ಯವಾಗಿ ಆಗಲೇ ಮರಳುತ್ತಿತ್ತು. ಆದರೆ ಮೌನಕ್ಕೆ ಎರಡು ಅರ್ಥ. ಜಮಾ ಆಗದೆಯೂ ಇರಬಹುದು. ಜಮಾ ಆಗಿ, ಉತ್ತರವಷ್ಟೇ ದಾರಿಯಲ್ಲಿ ಕಳೆದುಹೋಗಿರಲೂಬಹುದು. ಆಗ ನಾವು ಹಣ ಹಿಂದಿರುಗಿಸಿದರೆ ಒಂದೇ ಮೊತ್ತ ಇಬ್ಬರ ಕೈಯಲ್ಲೂ ಇರುತ್ತದೆ. ಅದಕ್ಕಾಗಿ ಇಂಥ ಪಾವತಿಯನ್ನು ‘ಆಗಿದೆ ಎಂದು ಭಾವಿಸಲಾಗಿದೆ’ ಎಂಬ ಗುಂಪಿಗೆ ಸೇರಿಸುತ್ತಾರೆ. ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆಗುವಾಗ ಆ ಮೊತ್ತವೂ ಎದುರಿನ ಬ್ಯಾಂಕಿಗೆ ಹೋಗಿಬಿಡುತ್ತದೆ. ನುಂಗಲು ನಮ್ಮ ಬಳಿ ಏನೂ ಉಳಿದಿರಲಿಲ್ಲ!

ಇನ್ನು ಆ ಬ್ಯಾಂಕಿನವರು ಎನ್‌ಪಿಸಿಐ ಪಟ್ಟಿಯನ್ನು ತಮ್ಮ ಖಾತೆಪುಸ್ತಕಕ್ಕೆ ತಾಳೆ ಹಾಕಬೇಕು. ಜಮಾ ಆಗಿರದಿದ್ದರೆ ಈಗ ಮಾಡಬೇಕು, ಇಲ್ಲವೇ ಹಣ ಹಿಂದಕ್ಕೆ ಕಳುಹಿಸಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯಕ್ತಿಗೆ ಕಳುಹಿಸಿದ ಹಣಕ್ಕೆ ಮರುದಿನದವರೆಗೆ ಗಡುವು. ಆಮೇಲೆ ದಿನಕ್ಕೆ ₹100 ಪರಿಹಾರ. ಅಂಗಡಿಯವರಿಗೆ ಮಾಡಿದ ಪಾವತಿಯಾದರೆ ಐದು ದಿನ. ಕುಂಬಳೆಯ ಅಂಗಡಿಯಲ್ಲಿ ಸಿಕ್ಕಿಬಿದ್ದ ಹಣಕ್ಕೆ ಮರುದಿನವೇ ಜಗಳಕ್ಕೆ ಬರುವವರಿಗೆ ಈ ವ್ಯತ್ಯಾಸ ಹೇಳಿ ಹೇಳಿ ನನಗೆ ಸಾಕಾಗಿದೆ.

ಆ್ಯಪ್‌ನಲ್ಲಿ ಅದೇ ಪಾವತಿಯನ್ನು ತೆರೆದು ದೂರು ದಾಖಲಿಸಿಕೊಟ್ಟೆ. ‘ಇನ್ನೊಮ್ಮೆ ಮಾತ್ರ ಕಳುಹಿಸಬೇಡಿ’ ಎಂದೆ.

ಅವರು ತಲೆ ಕೆರೆದುಕೊಂಡರು. ‘ನಿನ್ನೆ ರಾತ್ರಿಯೇ ನಗದು ಕೊಟ್ಟೆನಲ್ಲ. ಅವನು ಅಂಗಳದಲ್ಲೇ ನಿಂತಿದ್ದ.’

ಮಧ್ಯಾಹ್ನ ಮೂರರ ಹೊತ್ತಿಗೆ ಕೂಲಿಯವನ ಖಾತೆಗೆ ₹6,500 ಜಮಾ ಆಯಿತು. ಇನ್ನು ಅದನ್ನು ಹಿಂದೆ ತರುವ ದಾರಿ ಬ್ಯಾಂಕಿನಲ್ಲಿಲ್ಲ. ಪಾವತಿ ಸರಿಯಾಗಿಯೇ ಮುಗಿದಿದೆ. ಅವನೇ ಕರೆ ಮಾಡಿ, ‘ಅಣ್ಣಾ, ಮುಂದಿನ ಸಲದ ಹುಲ್ಲಿಗೆ ಇದು ಇರಲಿ’ ಎಂದನಂತೆ.